ಶರ್ಟ್ ಲೈನಿಗೆ ಸೂಪರ್‌ವೈಸರ್ ಬೇಕು: ಕೆಲಸ ಏನು, ಯಾರ ಕೈಕೆಳಗೆ

ದೊಡ್ಡಬಳ್ಳಾಪುರ ಅಪೆರಲ್ ಪಾರ್ಕ್‌ನ ನಮ್ಮ ಫ್ಯಾಕ್ಟರಿಯಲ್ಲಿ ಶರ್ಟ್ ಹೊಲಿಯುವ ಲೈನಿಗೆ ಒಬ್ಬರು ಸೂಪರ್‌ವೈಸರ್ ಬೇಕು. ಹೆಂಗಸರಾದರೂ ಸರಿ, ಗಂಡಸರಾದರೂ ಸರಿ. ಹೆಡ್ ಆಫೀಸಿನಿಂದ ಬಂದ ಇಂಗ್ಲಿಷ್ ಕಾಗದದಲ್ಲಿ ಓನರ್‌ಶಿಪ್, ಸ್ಟೇಕ್‌ಹೋಲ್ಡರ್ ಅಂತೆಲ್ಲ ಇತ್ತು. ಹಾಗೇ ಕನ್ನಡಕ್ಕೆ ತಿರುಗಿಸಿ ನೋಡಿದೆವು, ನಮಗೇ ಅರ್ಥ ಆಗಲಿಲ್ಲ. ಅದಕ್ಕೇ ಫ್ಲೋರಿನಲ್ಲಿ ಆಡುವ ಮಾತಿನಲ್ಲೇ ಬರೆದಿದ್ದೇವೆ. ಕೆಲಸ ಮಾತ್ರ ಆ ಕಾಗದದಲ್ಲಿ ಇದ್ದಷ್ಟೇ.

ದಿನದ ಕೆಲಸ

ನಿಮ್ಮ ಲೈನಿನಲ್ಲಿ 42 ಟೈಲರ್‌ಗಳು, 8 ಹೆಲ್ಪರ್‌ಗಳು ಇರುತ್ತಾರೆ. ಬೆಳಿಗ್ಗೆ 9ಕ್ಕೆ ಶಿಫ್ಟ್ ಶುರು. ನೀವು 8:45ಕ್ಕೆ ಬಂದು ಯಾರು ಬಂದಿದ್ದಾರೆ, ಯಾರು ರಜೆ, ಯಾವ ಮೆಷಿನ್ ಖಾಲಿ ಅಂತ ನೋಡಿ ಜನರನ್ನು ಕೂರಿಸಬೇಕು. ಕಾಲರ್ ಹಾಕುವವರು ಬರದಿದ್ದರೆ ಆ ಕೆಲಸ ಬರುವ ಇನ್ನೊಬ್ಬರನ್ನು ಅಲ್ಲಿಗೆ ಹಾಕಬೇಕು, ಇಲ್ಲದಿದ್ದರೆ ಹತ್ತೂವರೆಗೆಲ್ಲ ಅಲ್ಲಿ ಬಂಡಲ್ ರಾಶಿ ಬಿದ್ದು ಮುಂದಿನವರು ಕೈಕಟ್ಟಿ ಕೂರುತ್ತಾರೆ. ಗಂಟೆಗೆ 60 ಪೀಸ್ ಟಾರ್ಗೆಟ್. ಆದದ್ದನ್ನು ಗಂಟೆ ಗಂಟೆಗೂ ಬೋರ್ಡ್ ಮೇಲೆ ನೀವೇ ಬರೆಯಬೇಕು. ಕಡಿಮೆ ಬಿದ್ದರೆ ಕಾರಣವನ್ನೂ ಬರೆಯಿರಿ, ಸುಮ್ನೆ ಅಂಕಿ ತಿದ್ದಬೇಡಿ.

ನೀಡಲ್ ಮುರಿದರೆ ಎಲ್ಲ ಚೂರೂ ಸಿಗುವವರೆಗೆ ಆ ಮೆಷಿನ್ ನಿಲ್ಲಬೇಕು. ಚೂರುಗಳನ್ನು ರಿಜಿಸ್ಟರಿನಲ್ಲಿ ಟೇಪ್ ಹಾಕಿ ಅಂಟಿಸಿ, ಸಹಿ ಮಾಡಿದ ಮೇಲೆಯೇ ಹೊಸ ನೀಡಲ್. ಒಂದು ಚೂರು ಸಿಗದಿದ್ದರೂ ಅಲ್ಲಿರುವ ಪೀಸುಗಳನ್ನೆಲ್ಲ ಬೇರೆ ಇಟ್ಟು ಕ್ವಾಲಿಟಿಯವರನ್ನು ಕರೆಯಿರಿ. ಆ ಶರ್ಟ್ ಯಾರೋ ತೊಡುತ್ತಾರೆ, ಅಲ್ವಾ?

ಯಾರ ಕೈಕೆಳಗೆ

ಹಿಂದೆ ಗಲಾಟೆ ಆದದ್ದೆಲ್ಲ ಇದೇ ವಿಷಯಕ್ಕೆ, ಹಾಗಾಗಿ ನಿಧಾನವಾಗಿ ಓದಿ.

ನಿಮ್ಮ ಮೇಲಿರುವವರು ಫ್ಲೋರ್ ಇನ್‌ಚಾರ್ಜ್ ಒಬ್ಬರೇ. ಟಾರ್ಗೆಟ್, ಜನ, ಓಟಿ, ರಜೆ ಎಲ್ಲಕ್ಕೂ ನೀವು ಉತ್ತರ ಹೇಳಬೇಕಾದ್ದು ಅವರಿಗೆ. ಪ್ರೊಡಕ್ಷನ್ ಮ್ಯಾನೇಜರ್ ನೇರವಾಗಿ ಬಂದು ಏನಾದರೂ ಹೇಳಿದರೆ ಕೆಲಸ ಶುರು ಮಾಡಿ, ಅದೇ ಗಂಟೆಯೊಳಗೆ ಇನ್‌ಚಾರ್ಜ್‌ಗೂ ತಿಳಿಸಿ.

ಇಂಗ್ಲಿಷ್ ಕಾಗದದಲ್ಲಿ ಕ್ವಾಲಿಟಿ ಇನ್‌ಚಾರ್ಜ್‌ಗೆ 'ಡಾಟೆಡ್ ಲೈನ್' ಅಂತ ಇದೆ. ಅಂದರೆ ಅವರು ನಿಮ್ಮ ಬಾಸ್ ಅಲ್ಲ, ನಿಮಗೆ ರಜೆ ಕೊಡುವವರೂ ಅಲ್ಲ. ಆದರೆ ಹೊಲಿಗೆ ಸರಿ ಇಲ್ಲ, ಲೈನ್ ನಿಲ್ಲಿಸಿ ಅಂದರೆ ನಿಲ್ಲಿಸಲೇಬೇಕು. ಒಂದೇ ತಪ್ಪು ಸಾಲಾಗಿ ಮೂರು ಪೀಸಿನಲ್ಲಿ ಬಂದರೆ ಚೆಕರ್ ಕೂಡ ನಿಲ್ಲಿಸಬಹುದು. ಚೆಕರ್‌ಗಳು ನಿಮ್ಮ ಲೈನಿನ ಕೊನೆಯಲ್ಲೇ ಕೂತಿದ್ದರೂ ನಿಮ್ಮ ಜನ ಅಲ್ಲ. 'ಇದೊಂದು ಪಾಸ್ ಮಾಡಮ್ಮ' ಅಂತ ಅವರನ್ನು ಕೇಳುವ ಹಾಗಿಲ್ಲ. ಆಲ್ಟರ್ ಮಾಡಿಸುವ ಜವಾಬ್ದಾರಿ ನಿಮ್ಮದು, ಪಾಸ್ ಮಾಡುವುದು ಅವರದು.

ಮೆಕ್ಯಾನಿಕ್ ಮೆಂಟೆನೆನ್ಸ್ ಇನ್‌ಚಾರ್ಜ್ ಕೈಕೆಳಗಿನವರು. ಮೆಷಿನ್ ಕೆಟ್ಟರೆ ಕರೆಯುವುದು ನೀವು, ಕರೆದ ಸಮಯ ಬರೆದಿಡಿ. ಹದಿನೈದು ನಿಮಿಷವಾದರೂ ಬರದಿದ್ದರೆ ಅವರ ಜೊತೆ ಜಗಳಕ್ಕೆ ಹೋಗದೆ ಫ್ಲೋರ್ ಇನ್‌ಚಾರ್ಜ್‌ಗೆ ಹೇಳಿ.

ಟೈಲರ್‌ಗಳಿಗೆ, ಹೆಲ್ಪರ್‌ಗಳಿಗೆ ಒಂದು ದಿನದ ರಜೆಯನ್ನು ನೀವೇ ಕೊಡಬಹುದು, ಜಾಸ್ತಿ ಬೇಕಿದ್ದರೆ ಇನ್‌ಚಾರ್ಜ್ ಸಹಿ ಬೇಕು. ಯಾರನ್ನೂ ಕೆಲಸದಿಂದ ತೆಗೆಯುವ, ಸಂಬಳ ಹಿಡಿಯುವ, ಗೇಟಿನ ಹೊರಗೆ ನಿಲ್ಲಿಸುವ ಅಧಿಕಾರ ನಿಮಗಿಲ್ಲ. ಬೈದು ಕೆಲಸ ಮಾಡಿಸುವುದು ಇಲ್ಲಿ ನಡೆಯುವುದಿಲ್ಲ, ದೂರು ಬಂದರೆ ವಿಚಾರಣೆ ಆಗುತ್ತದೆ. ಹಾಗೆಯೇ ನಿಮಗೆ ಫ್ಲೋರ್ ಇನ್‌ಚಾರ್ಜ್ ಮೇಲೆಯೇ ದೂರು ಇದ್ದರೆ ಅವರನ್ನು ದಾಟಿ ನೇರವಾಗಿ ಎಚ್‌ಆರ್‌ಗೆ ಬನ್ನಿ.

ಸಂಬಳ, ಸಮಯ

ತಿಂಗಳಿಗೆ 19,500 ರೂಪಾಯಿ. ಅದರಲ್ಲಿ ಬೇಸಿಕ್ ಮತ್ತು ಡಿಎ ಸೇರಿ 15,000. ಪಿಎಫ್ 1,800, ಇಎಸ್‌ಐ 147 ಹೋಗಿ ಕೈಗೆ 17,553 ಬರುತ್ತದೆ. ದಿನಕ್ಕೆ ಎಂಟು ಗಂಟೆ ಕೆಲಸ, ಭಾನುವಾರ ರಜೆ. ಓಟಿಗೆ ಡಬಲ್ ಸಂಬಳ, ಓಟಿ ಇದೆಯೋ ಇಲ್ಲವೋ ಅಂತ ಹೇಳುವವರು ಫ್ಲೋರ್ ಇನ್‌ಚಾರ್ಜ್. ದೊಡ್ಡಬಳ್ಳಾಪುರ ಬಸ್ ಸ್ಟ್ಯಾಂಡ್ ಮತ್ತು ರಾಜಾನುಕುಂಟೆಯಿಂದ ಕಂಪನಿ ಬಸ್ ಇದೆ, ದುಡ್ಡು ಕೊಡಬೇಕಿಲ್ಲ.

ಯಾರು ಬರಬಹುದು

ಗಾರ್ಮೆಂಟ್ಸ್‌ನಲ್ಲಿ ಐದು ವರ್ಷ ಕೆಲಸ ಮಾಡಿರಬೇಕು, ಕಾಲರ್ ಮತ್ತು ಕಫ್ ಕೈಯಾರೆ ಹೊಲಿದು ತೋರಿಸಲು ಬರಬೇಕು. ಎಸ್‌ಎಸ್‌ಎಲ್‌ಸಿ ಪಾಸಾಗಿದ್ದರೆ ಒಳ್ಳೆಯದು, ಆಗದಿದ್ದರೂ ಬನ್ನಿ. ಕನ್ನಡದಲ್ಲಿ ರಿಜಿಸ್ಟರ್ ಬರೆಯಲು ಬಂದರೆ ಸಾಕು. ಇಂಗ್ಲಿಷ್ ಬೇಡ, ಲೇಬಲ್ ಮೇಲಿನ ಸೈಜ್ ಮತ್ತು ಸ್ಟೈಲ್ ನಂಬರ್ ಓದಲು ಬಂದರಾಯಿತು. ಲೈನಿನಲ್ಲಿ ಹಿಂದಿ, ಒಡಿಯಾ ಆಡುವ ಹುಡುಗಿಯರೂ ಇದ್ದಾರೆ, ಸ್ವಲ್ಪ ಹಿಂದಿ ಗೊತ್ತಿದ್ದರೆ ನಿಮಗೇ ಅನುಕೂಲ.

ಸೋಮವಾರದಿಂದ ಶನಿವಾರದವರೆಗೆ ಬೆಳಿಗ್ಗೆ 10ರಿಂದ 1ರೊಳಗೆ ಆಧಾರ್, ಬ್ಯಾಂಕ್ ಪಾಸ್‌ಬುಕ್, ಹಳೆಯ ಪಿಎಫ್ ನಂಬರ್ ತೆಗೆದುಕೊಂಡು ಗೇಟಿಗೆ ಬನ್ನಿ. ಸೆಕ್ಯೂರಿಟಿಯವರಿಗೆ 'ಸೂಪರ್‌ವೈಸರ್ ಕೆಲಸಕ್ಕೆ' ಅಂದರೆ ಒಳಗೆ ಬಿಡುತ್ತಾರೆ. ಅರ್ಧ ಗಂಟೆ ಮೆಷಿನ್ ಮೇಲೆ ಟ್ರಯಲ್, ಆಮೇಲೆ ಫ್ಲೋರ್ ಇನ್‌ಚಾರ್ಜ್ ಮಾತಾಡುತ್ತಾರೆ. ಈ ಕೆಲಸ ಕೊಡಿಸುತ್ತೇನೆ ಅಂತ ಯಾರಾದರೂ ದುಡ್ಡು ಕೇಳಿದರೆ ಕೊಡಬೇಡಿ, ಅವರ ಹೆಸರು ನಮಗೆ ಹೇಳಿ.

ಎಚ್‌ಆರ್ ವಿಭಾಗ