ಅಪ್ಪನ ನಿವೃತ್ತಿ ಸಮಾರಂಭ: ಅಡುಗೆ, ಅಲಂಕಾರ, ಸೌಂಡ್‌ನವರ ಚೆಕ್‌ಲಿಸ್ಟ್ ಮತ್ತು ಹಿಂದಿನ ದಿನದ ಮೆಸೇಜ್

ಭಾನುವಾರ, 15ನೇ ತಾರೀಕು. ಸಂಜೆ 6ಕ್ಕೆ ಶುರು, 8ಕ್ಕೆ ಊಟ, ರಾತ್ರಿ 10.30ಕ್ಕೆ ಹಾಲ್ ಖಾಲಿ. ಜನ 180. ಹಾಲ್ ಬೀಗ ತೆಗೆಯುವುದು ಮಧ್ಯಾಹ್ನ 12ಕ್ಕೆ.

ತಮ್ಮಾ, ಇದರ ಪ್ರಿಂಟ್ ತೆಗೆದು ಜೇಬಿನಲ್ಲಿ ಇಟ್ಟುಕೋ. ಮೂವರೂ ಕೆಲಸ ಗೊತ್ತಿರುವವರು, ಅವರವರ ಕೆಲಸದ ಬಗ್ಗೆ ನನಗೆ ಚಿಂತೆ ಇಲ್ಲ. ಒಂದೇ ಬಾಗಿಲು, ಒಂದೇ ಪ್ಲಗ್ ಪಾಯಿಂಟಿಗೆ ಇಬ್ಬರು ಬಂದು ನಿಂತಾಗ ನಾವು ಅಲ್ಲಿರಬೇಕು.

ಆಗಿರುವುದು

☑ ಮೂವರಿಗೂ ಮುಂಗಡ ಕೊಟ್ಟಾಗಿದೆ. ರಸೀದಿ ನೀಲಿ ಫೈಲಿನಲ್ಲಿದೆ.

☑ ಕರೆಂಟ್ ಹಂಚಿಕೆ: ವೇದಿಕೆಯ ಬಲಗೋಡೆಯ 15 ಆಂಪಿಯರ್ ಪಾಯಿಂಟ್ ಸೌಂಡ್‌ಗೆ ಮಾತ್ರ. ಎಡಗೋಡೆಯದು ಅಲಂಕಾರದ ಲೈಟಿಗೆ. ಲೈಟು, ಸೌಂಡ್ ಎರಡೂ ಒಂದೇ ಲೈನಿಗೆ ಬಿದ್ದರೆ ಸ್ಪೀಕರಿನಲ್ಲಿ ಗುಂಯ್ ಅನ್ನುವ ಸಾಧ್ಯತೆ ಜಾಸ್ತಿ. ಊಟ ಬಿಸಿ ಇಡುವ ಕೌಂಟರಿಗೆ ಊಟದ ಕೋಣೆಯ ಪಾಯಿಂಟ್.

ಶನಿವಾರ ಆಗಬೇಕಾದ್ದು

☐ ಊಟದ ಲೆಕ್ಕ ಸಂಜೆ 4ರೊಳಗೆ ಹೇಳುವುದು. ಅಲಂಕಾರ, ಸೌಂಡ್‌ನವರ ಕಡೆಯ 9 ಜನರನ್ನೂ ಸೇರಿಸು. ಮಧ್ಯಾಹ್ನದಿಂದ ದುಡಿದವರು ಕೊನೆಗೆ ಖಾಲಿ ಪಾತ್ರೆ ನೋಡಬಾರದು.

☐ ಕೆಳಗಿನ ಮೂರು ಮೆಸೇಜ್ 5ಕ್ಕೆ ಕಳಿಸುವುದು. ನೀಲಿ ಟಿಕ್ ಬಂದರೆ ಸಾಲದು, ಉತ್ತರ ಬರಬೇಕು. 7ರೊಳಗೆ ಬರದಿದ್ದರೆ ಫೋನ್ ಮಾಡು.

☐ ಬಾಕಿ ಹಣ ಮೂರು ಕವರಿನಲ್ಲಿ, ಹೆಸರು ಬರೆದು.

ಭಾನುವಾರ

☐ 12.00: ಅಲಂಕಾರದವರು ಮೊದಲು. ಏಣಿ ಹತ್ತುವ ಕೆಲಸ ಮುಗಿಯುವ ತನಕ ಕೆಳಗೆ ಕುರ್ಚಿ ಹಾಕಿಸಬೇಡ.

☐ 3.00: ವೇದಿಕೆಯ ಪರದೆ ಮುಗಿದಿರಬೇಕು. ಬಲಗೋಡೆಯ ಪ್ಲಗ್ ಕಾಣುತ್ತಿದೆಯಾ, ನೀನೇ ಹೋಗಿ ನೋಡು. ಚಿಕ್ಕಪ್ಪನ ಮನೆ ಕಾರ್ಯಕ್ರಮದಲ್ಲಿ ಆದದ್ದು ನೆನಪಿದೆ ಅಲ್ವಾ? ಪ್ಲಗ್ ಮೇಲೆಯೇ ಬಟ್ಟೆ ಬಿಗಿದಿದ್ದರು. ಸೌಂಡ್‌ನವನು ಬಾಯಲ್ಲಿ ಟಾರ್ಚ್ ಕಚ್ಚಿಕೊಂಡು ಒಂದೊಂದೇ ಗುಂಡುಪಿನ್ನು ಕೀಳುತ್ತಿದ್ದ, ಎದುರಿಗೆ ಜನ ಬಂದು ಕೂತಿದ್ದರು.

☐ 3.15: ಸೌಂಡ್‌ನವರು. ನೆಲದ ಮೇಲೆ ಹಾಯುವ ವೈರಿಗೆಲ್ಲ ಟೇಪ್.

☐ 4.30: ಅಡುಗೆಯವರು, ಹಿಂಬಾಗಿಲಿನಿಂದ. ಆ ಬಾಗಿಲಿನ ಮುಂದೆ ಯಾರ ಗಾಡಿಯೂ ನಿಲ್ಲಬಾರದು.

☐ 5.00: ಮೈಕ್ ಪರೀಕ್ಷೆ. ಸುಮ್ನೆ "ಹಲೋ ಹಲೋ" ಬೇಡ. ಅಪ್ಪನ ದನಿಯಷ್ಟೇ ಮೆಲ್ಲಗೆ ಎರಡು ನಿಮಿಷ ಓದು, ನಾನು ಕೊನೆಯ ಸಾಲಿನಲ್ಲಿ ಕೂತು ಕೇಳುತ್ತೇನೆ.

☐ 5.30: ತುರ್ತು ಬಾಗಿಲುಗಳ ಮುಂದೆ ಹೂವಿನ ಸ್ಟ್ಯಾಂಡ್, ಸ್ಪೀಕರ್, ಕುರ್ಚಿ ಏನೂ ಇರಬಾರದು.

ಮೆಸೇಜ್ 1: ಅಡುಗೆಯವರಿಗೆ

ನಮಸ್ಕಾರ ಸರ್. ನಾಳೆಯ ಊಟದ ಲೆಕ್ಕ ಕೊನೆಯದಾಗಿ 189, ಇನ್ನು ಬದಲಾಗುವುದಿಲ್ಲ. 4.30ಕ್ಕೆ ಹಿಂಬಾಗಿಲಿಗೆ ಬನ್ನಿ, 7.45ಕ್ಕೆ ಬಡಿಸಲು ತಯಾರಿರಲಿ. ಭಾಷಣ ಸ್ವಲ್ಪ ಎಳೆಯಬಹುದು, ನಾವು ಹೇಳಿದ ಮೇಲೆಯೇ ಪಾತ್ರೆ ಮುಚ್ಚಳ ತೆಗೆಯಿರಿ. ಒಂದು ಮುಖ್ಯ ವಿಷಯ: ಬರುವವರಲ್ಲಿ ಒಬ್ಬ ಹುಡುಗನಿಗೆ ಕಡಲೆಕಾಯಿ ಆಗುವುದಿಲ್ಲ, ಉಸಿರು ಕಟ್ಟುತ್ತದೆ. ಅವನ ಊಟವನ್ನು ಬೇರೆ ಪಾತ್ರೆಯಲ್ಲಿ, ಕಡಲೆಕಾಯಿ ಎಣ್ಣೆ ಬಿಟ್ಟು ಬೇರೆ ಎಣ್ಣೆಯಲ್ಲಿ ಮಾಡಿ, ಹೆಸರಿನ ಚೀಟಿ ಅಂಟಿಸಿ. ಸೌಟು ಕೂಡ ಬೇರೆ ಇರಲಿ. ಬಡಿಸುವ ಪ್ರತಿಯೊಬ್ಬರಿಗೂ ಇದನ್ನು ಹೇಳಿದ್ದೀರಿ ಎಂದು ದಯವಿಟ್ಟು ಉತ್ತರಿಸಿ. ಎಷ್ಟು ಜನ ಬರುತ್ತೀರಿ, ಅದನ್ನೂ ತಿಳಿಸಿ.

ಮೆಸೇಜ್ 2: ಅಲಂಕಾರದವರಿಗೆ

ನಮಸ್ಕಾರ ಮೇಡಂ. ನಾಳೆ 12ಕ್ಕೆ ಹಾಲ್ ತೆಗೆಯುತ್ತಾರೆ, ನನ್ನ ತಮ್ಮ ಬಾಗಿಲಲ್ಲೇ ಇರುತ್ತಾನೆ. ವೇದಿಕೆ 3ರೊಳಗೆ ಮುಗಿಯಲಿ, ಪ್ರವೇಶದ್ವಾರ 5ರ ತನಕ ನಡೆದರೂ ಪರವಾಗಿಲ್ಲ. ವೇದಿಕೆಯ ಬಲಗೋಡೆಯ ಪ್ಲಗ್ ಮುಚ್ಚಬೇಡಿ, ಲೈಟಿಗೆ ಎಡಗೋಡೆಯದು ನಿಮ್ಮದೇ. ಗೋಡೆಗೆ ಮೊಳೆ ಹೊಡೆಯಲು ಹಾಲ್‌ನವರು ಬಿಡುವುದಿಲ್ಲ, ಫ್ರೇಮ್ ತನ್ನಿ. ಬಿಚ್ಚುವ ಕೆಲಸ 9.45ಕ್ಕೆ ಶುರು ಮಾಡಿದರೆ ಸರಿಹೋಗುತ್ತದೆ. ಬರುವ ಸಮಯ ಮತ್ತು ಗಾಡಿ ನಂಬರ್ ಕಳಿಸಿ.

ಮೆಸೇಜ್ 3: ಸೌಂಡ್‌ನವರಿಗೆ

ನಮಸ್ಕಾರ ಸರ್. ನಾಳೆ 3.15ಕ್ಕೆ ಬನ್ನಿ, 5ಕ್ಕೆ ಮೈಕ್ ಪರೀಕ್ಷೆ. ಎರಡು ವೈರ್‌ಲೆಸ್ ಮೈಕ್, ಸ್ಟ್ಯಾಂಡಿನ ಮೇಲೆ ಒಂದು ವೈರ್ ಮೈಕ್, ಹೊಸ ಬ್ಯಾಟರಿ ಎರಡು ಜೊತೆ ಹೆಚ್ಚಿಗೆ. ಸ್ಪೀಕರ್‌ಗಳು ಮೈಕ್‌ಗಿಂತ ಮುಂದೆ, ಜನರ ಕಡೆ ಮುಖ ಮಾಡಿರಲಿ, ಕೂಗು ಬರಬಾರದು. ಅಪ್ಪನಿಗೆ ಕೈ ಮೈಕ್ ಬೇಡ. ಮಾತಾಡುತ್ತಾ ಅದನ್ನು ಹೊಟ್ಟೆಯ ತನಕ ಇಳಿಸಿಬಿಡುತ್ತಾರೆ. 38 ವರ್ಷ ಕೆಲಸ ಮಾಡಿ ಅವರು ಆಡುವ ಹತ್ತು ನಿಮಿಷದ ಮಾತು ಎಲ್ಲರಿಗೂ ಕೇಳಿಸಲೇಬೇಕು, ಆಗ ದಯವಿಟ್ಟು ಮಿಕ್ಸರ್ ಬಿಟ್ಟು ಎದ್ದು ಹೋಗಬೇಡಿ. ಊಟದ ಹೊತ್ತಿಗೆ ಹಾಡು ಮೆಲ್ಲಗಿರಲಿ. ನಿಮ್ಮ ಮೂವರ ಊಟ ನಮ್ಮಲ್ಲೇ. ಬರುತ್ತೀರಿ ಎಂದು 7ರೊಳಗೆ ಒಂದು ಉತ್ತರ ಹಾಕಿ. ನಾಳೆ ಏನೇ ಇದ್ದರೂ ತಮ್ಮನಿಗೆ ಫೋನ್ ಮಾಡಿ, ನಾನು ಅಪ್ಪನ ಜೊತೆ ಇರುತ್ತೇನೆ.