ಇಪ್ಪತ್ತೆರಡನೇ ತಾರೀಖು

ಸಿಂಚನಾಳ ಫೋನ್ ಭರ್ತಿಯಾಗಿತ್ತು. ನಾಳೆ ಫಿಸಿಕ್ಸ್ ಟೆಸ್ಟ್. ಲೆಕ್ಚರರ್ ಕಳಿಸಿದ ಪಿಡಿಎಫ್ ಅರ್ಧಕ್ಕೇ ನಿಂತು, ಜಾಗ ಇಲ್ಲ ಅಂತ ತೋರಿಸುತ್ತಿತ್ತು. ಅದು ಅಮ್ಮ ಬಳಸಿ ಕೊಟ್ಟ ಹಳೇ ಫೋನ್, ಬರೀ 32 ಜಿಬಿ. ಹಾಸನದ ಹಾಸ್ಟೆಲ್‌ಗೆ ಬಂದ ಮೇಲೆ ಒಂದು ಫೋಟೊನೂ ತೆಗೆದು ಹಾಕಿರಲಿಲ್ಲ.

ರಾತ್ರಿ ಊಟ ಮುಗಿಸಿ ಮಂಚದ ಮೇಲೆ ಕೂತು ಶುರು ಮಾಡಿದಳು. ಗುಡ್ ಮಾರ್ನಿಂಗ್ ಹೂವುಗಳು ಹೋದವು. ಹಳೇಬೀಡಿನ ಟ್ರಿಪ್‌ನಲ್ಲಿ ಒಂದೇ ನಂದಿಯ ಮುಂದೆ ಎಲ್ಲರೂ ಸರದಿ ಪ್ರಕಾರ ನಿಂತು ತೆಗೆಸಿಕೊಂಡ ಫೋಟೊಗಳಲ್ಲಿ ನಾಲ್ಕು ಉಳಿದವು. ಅಕ್ಕನ ಮದುವೆಯ ಮೆಹಂದಿ ಡಿಸೈನ್‌ಗಳು ಹೋದವು. ಅಳಿಸಿದ್ದೆಲ್ಲ ಬಿನ್‌ನಲ್ಲಿ ಹೋಗಿ ಕೂರುತ್ತೆ, ಅಲ್ಲಿಂದಲೂ ತೆಗೆಯದೆ ಜಾಗ ಖಾಲಿ ಆಗಲ್ಲ ಅನ್ನೋದು ಅವಳಿಗೆ ಗೊತ್ತಿತ್ತು. ಹಾಗಾಗಿ ಪ್ರತಿ ಸಲವೂ ಬಿನ್‌ನ್ನೂ ಖಾಲಿ ಮಾಡುತ್ತಾ ಬಂದಳು.

ಆಮೇಲೆ ನೋಟ್ಸ್. ಬಿಳಿ ಹಾಳೆ, ನೀಲಿ ಇಂಕು, ಗೆರೆ, ಅಂಕಿ. ಚಿಕ್ಕದಾಗಿ ನೋಡಿದರೆ ಎಲ್ಲವೂ ಒಂದೇ ಥರ. ಒಂದರ ಮೇಲೆ ಬೆರಳಿಟ್ಟು ಕೆಳಗಿನವರೆಗೂ ಎಳೆದಳು. 214 ಆಯ್ಕೆಯಾದವು. ಅಳಿಸಬೇಕೇ ಅಂತ ಫೋನ್ ಕೇಳಿತು.

"ಏಯ್, ಕೆಮಿಸ್ಟ್ರಿದು ಡಿಲೀಟ್ ಮಾಡ್ಬೇಡ ಕಣೇ," ಪಕ್ಕದ ಮಂಚದಿಂದ ಭವ್ಯಾ ಅಂದಳು. "ನಾನು ರಜೆ ಹಾಕಿದ್ದ ದಿನದ್ದು ನನಗೆ ಕಳಿಸು, ಆಮೇಲೆ ಏನಾದ್ರೂ ಮಾಡ್ಕೋ."

ಸಿಂಚನಾ ಗೊಣಗುತ್ತಾ ವಾಪಸ್ ಹೋದಳು. ಒಂದೊಂದನ್ನೇ ದೊಡ್ಡದು ಮಾಡಿ ನೋಡಿದಳು. ಮೋಲ್ ಕಾನ್ಸೆಪ್ಟ್, ಮತ್ತೆ ಮೋಲ್ ಕಾನ್ಸೆಪ್ಟ್. ಮೂರನೆಯದು ಕ್ಯಾಲೆಂಡರ್.

2008ರ ಜುಲೈ. ಹಾಳೆಯ ಅಂಚನ್ನು ಗೆದ್ದಲು ತಿಂದಿತ್ತು. ಒಂದೊಂದು ಮನೆಯಲ್ಲೂ ಅಜ್ಜನ ಕೈಬರಹದಲ್ಲಿ ಮಳೆ ಲೆಕ್ಕ: 1-15, 0-60, 3-05. ಇಂಚು, ಸೆಂಟು. ಅಜ್ಜ ಸಕಲೇಶಪುರದ ಹತ್ತಿರ ಕಾಫಿ ತೋಟವೊಂದರಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದವರು. ದಿನಾ ಬೆಳಗ್ಗೆ ಎಂಟಕ್ಕೆ ಮಳೆ ಅಳೆದು ತೋಟದ ಪುಸ್ತಕದಲ್ಲಿ ಬರೆಯೋರು, ಮನೆಗೆ ಬಂದು ಕ್ಯಾಲೆಂಡರ್‌ನಲ್ಲೂ ಬರೆಯೋರು. ಹೂಮಳೆ ಯಾವಾಗ ಬಂತು, ಎಷ್ಟು ಬಂತು ಅನ್ನೋದರ ಮೇಲೇ ಆ ವರ್ಷದ ಫಸಲು ನಿಂತಿರುವ ಊರಲ್ಲಿ ಈ ಅಂಕಿಗಳಿಗೆ ಎಷ್ಟು ಬೆಲೆ ಅಂತ ಹೊರಗಿನವರಿಗೆ ಅಂದಾಜಾಗೋದು ಕಷ್ಟ.

ದಸರಾ ರಜೆಯಲ್ಲಿ ಅಟ್ಟ ಹತ್ತಿದಾಗ ಸಿಂಚನಾ ಸುಮ್ನೆ ಈ ಫೋಟೊ ತೆಗೆದಿದ್ದಳು. ಆಮೇಲೆ ಹೆಂಚು ಬದಲಿಸುವಾಗ ಅಕಾಲದ ಮಳೆ ಬಂದು ಅಟ್ಟದ ಕಾಗದವೆಲ್ಲ ಮುದ್ದೆಯಾಯಿತು. ಅಪ್ಪ ಅದನ್ನು ಒಣಗಿಸಿ ಬಚ್ಚಲ ಒಲೆಗೆ ಹಾಕಿದರು.

ಇಪ್ಪತ್ತೆರಡನೇ ತಾರೀಖಿನ ಮನೆಯಲ್ಲಿ ಮಾತ್ರ ಕೆಂಪು ಇಂಕು. ಹಿಗ್ಗಿಸಿ ಓದಿದಳು.

"2-40. ರಾಧಾಗೆ ಹೆಣ್ಣು ಮಗು. ಇಬ್ಬರೂ ಕ್ಷೇಮ."

ಅವಳ ಬೆರಳು ತಣ್ಣಗಾಯಿತು. ಮೊದಲು ಆಯ್ಕೆ ರದ್ದು ಮಾಡಿದಳು. ಆ ಫೋಟೊವನ್ನು ಅಮ್ಮನಿಗೆ ಕಳಿಸಿದಳು, ಅಪ್ಪನಿಗೆ ಕಳಿಸಿದಳು, ಭವ್ಯಾಗೂ ಕಳಿಸಿದಳು.

"ನನಗ್ಯಾಕೆ ಇದು?"

"ಇರ್ಲಿ ಇಟ್ಕೋ. ನನ್ನ ಫೋನ್ ನಂಬೋಕಾಗಲ್ಲ."

ಒಂಬತ್ತೂವರೆ ಆಗಿತ್ತು. ಊರಿಗೆ ಫೋನ್ ಮಾಡಿದಳು. ಅಜ್ಜ ಇನ್ನೂ ಎದ್ದಿದ್ದರು.

"ಅಜ್ಜ, ನಾನು ಹುಟ್ಟಿದ ದಿನ ಎಷ್ಟು ಮಳೆ ಆಗಿತ್ತು?"

"ಎರಡು ಇಂಚು ಮೇಲೆ," ಅಜ್ಜ ತಡಮಾಡಲಿಲ್ಲ. "ಹೊಳೆ ತುಂಬಿ ಹರೀತಿತ್ತು. ಹಾಸನದ ಆಸ್ಪತ್ರೆಯಿಂದ ನಿಮ್ಮಪ್ಪ ಫೋನ್ ಮಾಡಿದ. ನಾನು ಹೊರಡೋಕೆ ಬಸ್ಸೇ ಇರ್ಲಿಲ್ಲ. ಮಾರನೇ ದಿನ ಎಷ್ಟಿದೆ ನೋಡು ಮಗ."

"ಸೊನ್ನೆ ಎಂಬತ್ತು."

"ಹಾಂ, ಕಮ್ಮಿಯಾಗಿತ್ತು. ಅವತ್ತೇ ತೋಟದ ಜೀಪ್ ಹತ್ತಿ ಬಂದೆ."

ಸಿಂಚನಾ ಚಿತ್ರವನ್ನು ಪಕ್ಕಕ್ಕೆ ಸರಿಸಿದಳು. ಇಪ್ಪತ್ತನಾಲ್ಕು ಖಾಲಿ. ಇಪ್ಪತ್ತೈದೂ ಖಾಲಿ. ಜ್ವರ ಬಂದಾಗಲೂ ಕೊಡೆ ಹಿಡಿದು ಹೋಗಿ ಮಳೆ ಅಳೆಯುತ್ತಿದ್ದ ಅಜ್ಜ ಇವರು.

"ಅಜ್ಜ, ಎರಡು ದಿನ ಏನೂ ಬರೆದಿಲ್ಲ ನೀನು. ಮಳೆ ಬಂದಿರ್ಲಿಲ್ವಾ?"

"ಬಂದಿತ್ತೋ ಏನೋ. ಅಳೆಯೋಕೆ ನಾನು ಊರಲ್ಲಿ ಇರ್ಬೇಕಲ್ಲ? ಆಸ್ಪತ್ರೇಲಿ ನಿನ್ನನ್ನ ಎತ್ಕೊಂಡು ಕೂತಿದ್ದೆ."

ಸಿಂಚನಾಗೆ ಸ್ವಲ್ಪ ಹೊತ್ತು ಮಾತು ಬರಲಿಲ್ಲ.

"ಅಮ್ಮಂಗೆ ಕಳ್ಸಿದೀನಿ ಅಜ್ಜ. ಸಕಲೇಶಪುರದಲ್ಲಿ ಪ್ರಿಂಟ್ ಹಾಕಿಸ್ತಾರೆ."

"ದೊಡ್ಡದಾಗಿ ಹಾಕಿಸೋಕೆ ಹೇಳು. ಸಣ್ಣಕ್ಷರ ಈಗ ನನಗೆ ಕಾಣಲ್ಲ."