ವಿಷಯ: ತೋಟದ ಭಾಗದ ಮಾತುಕತೆ – ನವೆಂಬರ್ 30, ಭಾನುವಾರ, ಕೊನೆಯ ದಿನ

10 ನವೆಂಬರ್ 2025, ಸೋಮವಾರ

ಪ್ರೀತಿಯ ಅಣ್ಣ,

ನೀನು, ಅತ್ತಿಗೆ, ಮಕ್ಕಳು ಎಲ್ಲರೂ ಚೆನ್ನಾಗಿದ್ದೀರಿ ಅಂದುಕೊಂಡಿದ್ದೇನೆ. ಇಲ್ಲಿ ಅಮ್ಮನ ಮಂಡಿನೋವು ಚಳಿಗೆ ಸ್ವಲ್ಪ ಜಾಸ್ತಿ ಆಗಿದೆ. ಅದು ಬಿಟ್ಟರೆ ಆರಾಮಾಗಿದ್ದಾಳೆ.

ವಾಟ್ಸಾಪಿನಲ್ಲಿ ಬರೆದದ್ದು ಹಬ್ಬದ ಫೋಟೋಗಳ ನಡುವೆ ಎಲ್ಲೋ ಸೇರಿಹೋಗುತ್ತದೆ. ಫೋನಿನಲ್ಲಿ ಮಾತಾಡಿದರೆ ಇಬ್ಬರಿಗೂ ಒಂದೊಂದು ಥರ ನೆನಪಿರುತ್ತದೆ. ಅದಕ್ಕೇ ಮೇಲ್ ಬರೆಯುತ್ತಿದ್ದೇನೆ. ಅಕ್ಕನಿಗೂ ಚಿಕ್ಕಪ್ಪನಿಗೂ ಇದರ ಪ್ರತಿ ಹೋಗುತ್ತಿದೆ. ನಿನ್ನ ಬೆನ್ನ ಹಿಂದೆ ನಾವು ಏನೋ ಮಾಡಿದೆವು ಅಂತ ನಾಳೆ ಯಾರೂ ಹೇಳಬಾರದು, ಅಲ್ವಾ?

ಮೊನ್ನೆ ಶನಿವಾರ, 8ನೇ ತಾರೀಖು, ಊರಿನ ಮನೆಯಲ್ಲಿ ಎಲ್ಲರೂ ಕೂರೋಣ ಅಂತ ನೀನೇ ಹೇಳಿದ್ದೆ. ದೀಪಾವಳಿಗೆ ಬರಲಾಗಲ್ಲ, ಎರಡು ವಾರ ಬಿಟ್ಟು ಖಂಡಿತ ಬರುತ್ತೇನೆ ಅಂತ ಅಮ್ಮನ ಹತ್ತಿರವೇ ಅಂದಿದ್ದೆ. ಅಕ್ಕ ಶಿವಮೊಗ್ಗದಿಂದ ಎರಡು ದಿನ ರಜೆ ಹಾಕಿ ಬಂದಳು. ಚಿಕ್ಕಪ್ಪ ಸಂಜೆ ಹೊತ್ತಿಗೇ ಬಂದು ಜಗಲಿ ಮೇಲೆ ಕೂತಿದ್ದರು. ನಿನಗೆ ಇಷ್ಟ ಅಂತ ಅಮ್ಮ ಕಜ್ಜಾಯಕ್ಕೆ ಅಕ್ಕಿ ನೆನೆಹಾಕಿ, ಕುಟ್ಟಿಸಿ, ಪಾಕ ಮಾಡಿ ಇಟ್ಟಿದ್ದಳು. ಶುಕ್ರವಾರ ರಾತ್ರಿ ಒಂಬತ್ತೂವರೆಗೆ ನಿನ್ನ ಮೆಸೇಜು ಬಂತು: "ಈ ವಾರ ಆಗ್ತಿಲ್ಲ, ಮುಂದೆ ನೋಡೋಣ." ಅಷ್ಟೇ. ಅಮ್ಮ ಏನೂ ಅನ್ನಲಿಲ್ಲ. ಪಾಕದ ಪಾತ್ರೆಗೆ ತಟ್ಟೆ ಮುಚ್ಚಿ ಒಳಗಿಟ್ಟಳು.

ಇದು ನಾಲ್ಕನೇ ಸಲ. ಯುಗಾದಿಗೆ ಮಾರ್ಚ್ ಕೊನೆಯ ಲೆಕ್ಕಪತ್ರದ ಕೆಲಸ ಅಂದೆ. ಮೇ ತಿಂಗಳಲ್ಲಿ ಮಗಳ ಕಾಲೇಜು ಅಡ್ಮಿಷನ್ ಇತ್ತು. ಗೌರಿ ಹಬ್ಬಕ್ಕೆ ಟಿಕೆಟ್ ಸಿಗಲಿಲ್ಲ. ಈಗ ಇದು. ಒಂದೊಂದನ್ನೇ ನೋಡಿದರೆ ಯಾವುದೂ ಸುಳ್ಳಲ್ಲ, ನನಗೆ ಗೊತ್ತು. ಪುಣೆಯಲ್ಲಿ ನಿನ್ನ ಕೆಲಸ ಎಂಥದ್ದು ಅಂತಲೂ ಗೊತ್ತು. ನಿನ್ನ ಮೇಲೆ ನನಗೆ ಕೋಪವಿಲ್ಲ. ಆದರೆ ಬೇಜಾರಾಗಿದೆ, ಅದನ್ನು ಮುಚ್ಚಿಡುವುದಿಲ್ಲ.

ಅಪ್ಪ ಹೋಗಿ ಮೂರು ವರ್ಷ ಆಯಿತು. ಪಹಣಿ ಇವತ್ತಿಗೂ ಅಪ್ಪನ ಹೆಸರಿನಲ್ಲೇ ಇದೆ. ಇದರಿಂದ ಏನೇನಾಗುತ್ತಿದೆ ಅಂತ ದೂರದಲ್ಲಿರುವ ನಿನಗೆ ಪೂರ್ತಿ ಗೊತ್ತಿಲ್ಲದೆ ಇರಬಹುದು. 2024ರ ಶುರುವಿನಲ್ಲಿ ನಾಫೆಡ್ ಕೊಬ್ಬರಿ ಖರೀದಿ ನೆನಪಿದೆಯಾ? ಬೆಂಬಲ ಬೆಲೆ ಕ್ವಿಂಟಲ್‌ಗೆ 12,000 ಇತ್ತು. ತಿಪಟೂರಿನ ಜನ ಬೆಳಗಿನ ಜಾವಕ್ಕೇ ಹೋಗಿ ಸಾಲಿನಲ್ಲಿ ನಿಂತಿದ್ದರು. ನೋಂದಣಿಗೆ ಫ್ರೂಟ್ಸ್ ಐಡಿ ಬೇಕು, ಆ ಐಡಿಗೆ ಪಹಣಿ ಬೇಕು. ನಮ್ಮ ಐಡಿ ಇದ್ದದ್ದು ಅಪ್ಪನ ಹೆಸರಿನಲ್ಲಿ. ಅಮ್ಮ ಒಂಬತ್ತು ಕ್ವಿಂಟಲ್ ಕೊಬ್ಬರಿಯನ್ನು 8,800ರ ಹಾಗೆ ವರ್ತಕರಿಗೆ ಕೊಟ್ಟಳು. ಲೆಕ್ಕ ಹಾಕಿದರೆ 28,800 ರೂಪಾಯಿ ಹೋಯಿತು. ಅಷ್ಟು ದುಡ್ಡಿದ್ದಿದ್ದರೆ ಆ ವರ್ಷವೇ ಬೋರಿನ ಮೋಟಾರು ರಿಪೇರಿ ಆಗುತ್ತಿತ್ತು.

ಈಗ ಕೊಬ್ಬರಿಗೆ ಬೆಲೆ ಬಂದಿದೆ, ಸರಿ. ಆದರೆ ತೋಟ ನೋಡಿಕೊಳ್ಳುವವರು ಬೇಕಲ್ಲ. ಕೆರೆ ಕಡೆಯ ಸಾಲಿನಲ್ಲಿ ಬಿಳಿನೊಣ ಹತ್ತಿ ಗರಿಯೆಲ್ಲ ಕಪ್ಪಗಾಗಿದೆ. ಹನ್ನೊಂದು ಮರದ ಸುಳಿ ಒಣಗಿದೆ, ನಾನೇ ಎಣಿಸಿದ್ದೇನೆ. ಹೊಸ ಸಸಿ ಇಡಿಸೋಣ ಅಂದರೆ ಅಮ್ಮ "ಯಾರ ಭಾಗಕ್ಕೆ ಬರುತ್ತೋ, ಅವರು ಇಟ್ಟುಕೊಳ್ಳಲಿ" ಅನ್ನುತ್ತಾಳೆ. ಅಟ್ಟದ ತೊಲೆಯೊಂದು ಬಿರುಕು ಬಿಟ್ಟಿದೆ. ಅದಕ್ಕೂ ಅದೇ ಉತ್ತರ. ಕಳೆದ ವಾರ ನಾನು ಹೋದಾಗ ಅವಳು ಆ ತೊಲೆಯ ಕೆಳಗೇ ಕೂತು, ಅಟ್ಟದಿಂದ ಇಳಿಸಿದ ಕಾಯಿ ಒಂದೊಂದನ್ನೇ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಿದ್ದಳು. ಒಳಗೆ ಗಡಗಡ ಅಂದರೆ ಒಂದು ಕಡೆ, ಇನ್ನೂ ನೀರಿನ ಸದ್ದು ಬಂದರೆ ಇನ್ನೊಂದು ಕಡೆ. ಅಪ್ಪ ಮಾಡುತ್ತಿದ್ದ ಕೆಲಸ ಅದು. ಮೇಲೆ ಬಿರುಕು ಬಿಟ್ಟ ತೊಲೆ, ಕೆಳಗೆ ಎಪ್ಪತ್ತೊಂದು ವರ್ಷದ ಅಮ್ಮ. ನನಗೆ ಆವತ್ತು ರಾತ್ರಿ ನಿದ್ದೆ ಬರಲಿಲ್ಲ.

ಈ ವರ್ಷ ಪೌತಿ ಖಾತೆ ಆಂದೋಲನ ಅಂತ ಗ್ರಾಮ ಆಡಳಿತಾಧಿಕಾರಿ ಮನೆ ಬಾಗಿಲಿಗೇ ಬಂದಿದ್ದರು. ದಾಖಲೆ ಕೊಡಿ, ಮಾಡಿಕೊಡುತ್ತೇವೆ ಅಂದರು. ಅಮ್ಮ "ಮಗ ಬರಲಿ" ಅಂತ ಹೇಳಿ ಕಳಿಸಿದಳು. ನೀನು ಮನೆಯ ದೊಡ್ಡ ಮಗ, ನಿನ್ನನ್ನು ಬಿಟ್ಟು ಒಂದು ಕಾಗದವೂ ಆಗಬಾರದು ಅನ್ನುವುದು ಅವಳ ಆಸೆ. ನನ್ನದೂ ಅದೇ. ಆದರೆ ಕಾಯುವುದಕ್ಕೂ ಒಂದು ಮಿತಿ ಇದೆ.

ಹಾಗಾಗಿ ಒಂದು ದಿನಾಂಕ ಹೇಳುತ್ತೇನೆ. ನವೆಂಬರ್ 30, ಭಾನುವಾರ, ಬೆಳಗ್ಗೆ ಹತ್ತೂವರೆಗೆ, ಊರಿನ ಮನೆಯಲ್ಲಿ. ಇವತ್ತಿಂದ ಲೆಕ್ಕ ಹಾಕಿದರೆ ಇಪ್ಪತ್ತು ದಿನ ಇದೆ. ಅಕ್ಕ, ಚಿಕ್ಕಪ್ಪ, ನಮ್ಮವರು ಎಲ್ಲರೂ ಆ ದಿನ ಬಿಡುವು ಮಾಡಿಕೊಂಡಿದ್ದಾರೆ. ನೀನು ಅರಸೀಕೆರೆಯಲ್ಲಿ ರೈಲು ಇಳಿದರೆ ಸಾಕು. ಎಷ್ಟು ಹೊತ್ತಾಗಿದ್ದರೂ ನಮ್ಮವರು ಕಾರು ತಂದು ಕರೆದುಕೊಂಡು ಬರುತ್ತಾರೆ. ರಜೆ ಕಷ್ಟವಾದರೆ ಭಾನುವಾರ ರಾತ್ರಿಯೇ ವಾಪಸ್ ಹೊರಡಬಹುದು.

ಬರಲು ಸಾಧ್ಯವೇ ಇಲ್ಲ ಅಂದರೆ ಅದೇ ದಿನ, ಅದೇ ಹೊತ್ತಿಗೆ ವಿಡಿಯೋ ಕಾಲ್‌ನಲ್ಲಿ ಕೂರು. ಎರಡು ಗಂಟೆ ಸಾಕು. ಮುಂದೆ ನೋಂದಣಿಗೆ ನೀನೇ ಬರಲಾಗದಿದ್ದರೆ ಪುಣೆಯ ಸಬ್ ರಿಜಿಸ್ಟ್ರಾರ್ ಮುಂದೆ ಮುಖ್ತ್ಯಾರು ಪತ್ರಕ್ಕೆ ಸಹಿ ಮಾಡಿ, ದೃಢೀಕರಣ ಮಾಡಿಸಿ, ಚಿಕ್ಕಪ್ಪನ ಹೆಸರಿಗೆ ಕಳಿಸಬಹುದು. ಚಿಕ್ಕಪ್ಪ ಒಪ್ಪಿದ್ದಾರೆ. ನನ್ನ ಹೆಸರಿಗೇ ಕೊಡು ಅಂತ ನಾನು ಕೇಳುವುದಿಲ್ಲ.

ಆ ದಿನ ಮಾತಾಡಬೇಕಾದದ್ದು ಜಾಸ್ತಿ ಏನಿಲ್ಲ. ಮೊದಲು ಪೌತಿ ಖಾತೆಗೆ ಎಲ್ಲರ ಸಹಿ. ಅಪ್ಪನ ಮರಣ ಪ್ರಮಾಣಪತ್ರ ನನ್ನ ಹತ್ತಿರ ಇದೆ, ವಂಶವೃಕ್ಷವನ್ನೂ ಮಾಡಿಸಿದ್ದೇನೆ. ನಿನ್ನ ಆಧಾರ್ ಪ್ರತಿ ಒಂದು ಬೇಕು. ಆಮೇಲೆ ಮೂರು ಎಕರೆ ಇಪ್ಪತ್ತು ಗುಂಟೆಯಲ್ಲಿ ಯಾರಿಗೆ ಯಾವ ಕಡೆ ಅಂತ ಬಾಯಿಮಾತಿನಲ್ಲಾದರೂ ತೀರ್ಮಾನ ಆಗಬೇಕು. ಅದು ಆದರೆ ತಾನೇ 11ಇ ನಕ್ಷೆಗೆ ಅರ್ಜಿ ಹಾಕಿ ಸರ್ವೆಯವರನ್ನು ಕರೆಸುವುದು? ನಕ್ಷೆ ಇಲ್ಲದೆ ಭಾಗಪತ್ರ ನೋಂದಣಿ ಆಗುವುದಿಲ್ಲ. ಮನೆಯ ವಿಷಯ ಕೊನೆಗೆ.

ನನ್ನ ಮತ್ತು ಅಕ್ಕನ ಮನಸ್ಸಿನಲ್ಲಿ ಏನಿದೆ ಅಂತ ಈಗಲೇ ಹೇಳಿಬಿಡುತ್ತೇನೆ, ಆವತ್ತು ಯಾರಿಗೂ ಗಾಬರಿ ಆಗುವುದು ಬೇಡ. ಅಮ್ಮ ಇರುವವರೆಗೆ ಇಡೀ ತೋಟದ ಹುಟ್ಟುವಳಿ ಅಮ್ಮನಿಗೇ ಸೇರಲಿ. ಮನೆ ಅಮ್ಮನ ಹೆಸರಿಗೆ ಆಗಲಿ. ಬೋರ್‌ವೆಲ್ ಮತ್ತು ದಾರಿ ಯಾರ ಭಾಗಕ್ಕೆ ಬಂದರೂ ಎಲ್ಲರಿಗೂ ಹಕ್ಕು ಇರಲಿ, ಅದು ಕಾಗದದಲ್ಲೂ ಬರಲಿ. ಅಪ್ಪ ಮೊದಲು ನೆಟ್ಟ ಬಾವಿ ಹತ್ತಿರದ ಸಾಲು ನಿನಗೆ ಬರಲಿ ಅನ್ನುವುದು ಅಕ್ಕನ ಮಾತು. ನಾನೂ ಒಪ್ಪಿದ್ದೇನೆ. ನೀನು ಬೇರೆ ಥರ ಯೋಚಿಸಿದ್ದರೆ ಹೇಳು, ಕೇಳುತ್ತೇವೆ. ಆದರೆ ಹೆಣ್ಣುಮಕ್ಕಳಿಗೆ ಭಾಗ ಇದೆಯೋ ಇಲ್ಲವೋ ಅನ್ನುವ ಚರ್ಚೆ ಮಾತ್ರ ಬೇಡ. 2005ರ ತಿದ್ದುಪಡಿ ಆಗಿ ಇಪ್ಪತ್ತು ವರ್ಷ ಆಯಿತು, 2020ರಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನು ಸ್ಪಷ್ಟ ಮಾಡಿದೆ. ನೀನು ಯಾವತ್ತೂ ಹಾಗೆ ಅಂದವನಲ್ಲ. ಊರಿನಲ್ಲಿ ಒಂದಿಬ್ಬರು ನಿನ್ನ ಕಿವಿಗೆ ಹಾಕುತ್ತಿದ್ದಾರೆ ಅಂತ ಕೇಳಿದೆ, ಅದಕ್ಕೇ ಬರೆದೆ.

ಈಗ ಕಷ್ಟದ ಮಾತು. ನವೆಂಬರ್ 30ನ್ನು ಇನ್ನು ಮುಂದಕ್ಕೆ ಹಾಕುವುದಿಲ್ಲ. ನೀನು ಬಂದರೂ, ಫೋನಿನಲ್ಲಿ ಕೂತರೂ, ಎರಡೂ ಆಗದಿದ್ದರೂ ನಾವು ಅಂದು ಕೂರುತ್ತೇವೆ. ನಿನ್ನಿಂದ ಏನೂ ಸುದ್ದಿ ಇಲ್ಲದಿದ್ದರೆ ಮಾರನೆಯ ದಿನ, ಡಿಸೆಂಬರ್ 1, ಸೋಮವಾರ, ಅಮ್ಮ, ಅಕ್ಕ, ನಾನು ಪೌತಿ ಖಾತೆಗೆ ನಾಡಕಚೇರಿಯಲ್ಲಿ ಅರ್ಜಿ ಕೊಡುತ್ತೇವೆ. ನಾಲ್ಕೂ ಜನರ ಹೆಸರಿಗೆ ಜಂಟಿಯಾಗಿ ಕೇಳುತ್ತೇವೆ. ನಿನ್ನ ಹೆಸರನ್ನು ಬಿಡುವುದಿಲ್ಲ, ನಿನ್ನ ಪಾಲು ಒಂದು ಗುಂಟೆಯೂ ಕಮ್ಮಿ ಆಗುವುದಿಲ್ಲ. ಸಂಕ್ರಾಂತಿಯೊಳಗೆ ಭಾಗದ ಬಗ್ಗೆಯೂ ಮಾತುಕತೆ ಆಗದಿದ್ದರೆ ವಕೀಲರ ಮೂಲಕ ನೋಟಿಸ್ ಕಳಿಸಿ, ಕೋರ್ಟಿನಲ್ಲಿ ಭಾಗದ ದಾವೆ ಹಾಕುವುದೊಂದೇ ಉಳಿಯುತ್ತದೆ. ಈ ಸಾಲು ಬರೆಯುವಾಗ ನನ್ನ ಕೈ ನಡುಗಿತು ಅಣ್ಣ. ನಾಲ್ಕು ಸಲ ಅಳಿಸಿ ಮತ್ತೆ ಬರೆದಿದ್ದೇನೆ. ಪಕ್ಕದ ಮನೆಯವರ ದಾವೆ ಶುರುವಾದಾಗ ನಾನು ಹೈಸ್ಕೂಲಿನಲ್ಲಿದ್ದೆ. ಮುಗಿಯುವ ಹೊತ್ತಿಗೆ ನನ್ನ ಮಗ ಹೈಸ್ಕೂಲಿಗೆ ಬಂದಿದ್ದ. ಅಣ್ಣತಮ್ಮಂದಿರು ಇವತ್ತಿಗೂ ಒಬ್ಬರ ಮನೆಯ ನೀರು ಇನ್ನೊಬ್ಬರು ಕುಡಿಯುವುದಿಲ್ಲ. ನಮಗೆ ಅದು ಬೇಡ. ಆದರೆ ಬೇಡ ಅಂತ ಸುಮ್ನೆ ಕೂತರೆ ಅಮ್ಮನ ಮೂರು ವರ್ಷ ನಾಲ್ಕಾಗುತ್ತದೆ, ಅಷ್ಟೇ.

ನಿನಗೆ ಬೇರೆ ಏನಾದರೂ ತೊಂದರೆ ಇದ್ದರೆ, ದುಡ್ಡಿನದೋ, ಸಾಲದ್ದೋ, ಅತ್ತಿಗೆಗೆ ನಮ್ಮ ಮೇಲೆ ಏನಾದರೂ ಬೇಸರವೋ, ನನಗೊಬ್ಬಳಿಗೇ ಫೋನ್ ಮಾಡಿ ಹೇಳು. ಸಂಜೆ ಆರರ ಮೇಲೆ ಸ್ಕೂಲು ಮುಗಿಸಿ ಮನೆಯಲ್ಲೇ ಇರುತ್ತೇನೆ. ನನ್ನ ಮದುವೆಗೆ ನೀನು ಪಿಎಫ್ ದುಡ್ಡು ತೆಗೆದು ಕೊಟ್ಟದ್ದನ್ನು ನಾನು ಮರೆತಿಲ್ಲ. ನಿನಗೆ ಅನ್ಯಾಯ ಆಗುವ ಹಾಗೆ ನಾನು ಎಲ್ಲೂ ಸಹಿ ಮಾಡುವುದಿಲ್ಲ.

ಮುಂದಿನ ಸೋಮವಾರ, 17ನೇ ತಾರೀಖಿನೊಳಗೆ ಈ ಮೇಲ್‌ಗೆ ಒಂದು ಸಾಲಿನ ಉತ್ತರ ಕಳಿಸು: ಬರುತ್ತೀಯೋ, ವಿಡಿಯೋದಲ್ಲಿ ಕೂರುತ್ತೀಯೋ. ಬರುವುದಾದರೆ ರೈಲಿನ ಹೊತ್ತೂ ತಿಳಿಸು. ಅಮ್ಮನಿಗೆ ಮಾತ್ರ ನೀನೇ ಫೋನ್ ಮಾಡು. ಆದರೆ ಬರುವುದು ಖಾತ್ರಿಯಾದ ಮೇಲೆ ಮಾಡು. ಅವಳು ಮತ್ತೆ ಅಕ್ಕಿ ನೆನೆಹಾಕುತ್ತಾಳೆ.

ಅತ್ತಿಗೆಗೆ ನಮಸ್ಕಾರ, ಮಕ್ಕಳಿಗೆ ಪ್ರೀತಿ.

ನಿನ್ನ ತಂಗಿ,
ಸುಮಾ
ತುಮಕೂರು

ಪ್ರತಿ: ಅಕ್ಕನಿಗೆ, ಚಿಕ್ಕಪ್ಪನಿಗೆ
ಜೊತೆಗೆ ಕಳಿಸಿರುವುದು: ಅಪ್ಪನ ಮರಣ ಪ್ರಮಾಣಪತ್ರ, ವಂಶವೃಕ್ಷ, ಈಗಿನ ಪಹಣಿ, ಅಟ್ಟದ ತೊಲೆಯ ಎರಡು ಫೋಟೋ